ಅಬ್ಬಾನ ಪರವಾಗಿ

ಬ್ಯಾಂಕಿನ ಅಧಿಕಾರಿ ಜಯಸಿಂಹ, ರೋಷನಬಿ ತಂದಿದ್ದ ಪತ್ರವನ್ನು ಎರಡು ಸಲ ಓದಿದರು. ಪೆಟ್ಟಿಗೆಯಿಂದ ಖಾತೆದಾರರ ಮಾದರಿ ಸಹಿಯ ಕಾರ್ಡು ತೆಗೆದು ಪತ್ರದ ಪಕ್ಕದಲ್ಲಿಟ್ಟರು. ಆಮೇಲೆ ಹಣ ತೆಗೆದ ಹಳೆಯ ಚೀಟಿಯೊಂದನ್ನು ತರಿಸಿ ಅದನ್ನೂ ಪಕ್ಕದಲ್ಲಿಟ್ಟರು. ರೋಷನಬಿ ಎದುರಿನ ಕುರ್ಚಿಯಲ್ಲಿ ಕೂತು ಆ ಮೂರು ಕಾಗದಗಳನ್ನೇ ನೋಡುತ್ತಿದ್ದಳು. ಬೆಳಗಿನ ಪಾಳಿಯ ಶಾಲೆ ಮುಗಿಸಿ ನೇರವಾಗಿ ಬಂದಿದ್ದಳು. ಬೆರಳುಗಳಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಇತ್ತು.

"ಮೇಡಂ, ಈ ಸಹಿ ಕಾರ್ಡಿಗೆ ಸರಿಯಾಗಿ ಹೊಂದುತ್ತೆ," ಎಂದರು ಜಯಸಿಂಹ. ಮೈಸೂರಿನ ಕಡೆಯವರು. ವಡಾಲದ ಆ ಶಾಖೆಯಲ್ಲಿ ಕನ್ನಡ ಓದಬಲ್ಲವರು ಅವರೊಬ್ಬರೇ. "ಆದರೆ ಜೂನ್ ತಿಂಗಳಲ್ಲಿ ನಿಮ್ಮ ತಂದೆಯವರು ಇಲ್ಲೇ, ಈ ಕುರ್ಚೀಲೇ ಕೂತು ಸಹಿ ಹಾಕಿದ್ರು. ಅಕ್ಷರ ಒಂದೊಂದೂ ನಡುಗಿದೆ ನೋಡಿ. ಜುಲೈನಲ್ಲಿ ಎರಡನೇ ಸಲ ಸ್ಟ್ರೋಕ್ ಆಯ್ತು ಅಂತ ನೀವೇ ಹೇಳ್ತೀರಿ. ಆಗಸ್ಟ್‌ನಲ್ಲಿ ಕೈ ಇಷ್ಟು ಚೆನ್ನಾಗಿ ಓಡಿದ್ದು ಹೇಗೆ?"

ರೋಷನಬಿ ಬೆರಳಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

"ನೀವೇ ಹಾಕಿದ್ದೀರಾ?"

"ಹೌದ್ರಿ," ಎಂದಳು. "ನಾನಽ ಹಾಕೀನಿ. ತಪ್ಪಾಗ್ಯದ್ರಿ ಸರ್."

ಜಯಸಿಂಹ ಆಚೀಚೆ ನೋಡಿದರು. ಯಾರೂ ಕೇಳಿಸಿಕೊಂಡಿರಲಿಲ್ಲ. ಪತ್ರವನ್ನು ಮಡಿಸಿ ಅವಳ ಕಡೆಗೆ ಸರಿಸಿದರು. "ಇದು ನನ್ನ ಮೇಜಿಗೆ ಬಂದೇ ಇಲ್ಲ ಅಂತ ಇಟ್ಕೊಳಿ. ಇದನ್ನ ಹರಿದುಹಾಕಿ. ಈಗ ವಿಷಯ ಏನು ಅಂತ ಮೊದಲಿಂದ ಹೇಳಿ."

ಅವಳಿಗೆ ಅಳು ಬರಲಿಲ್ಲ. ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಹೇಳತೊಡಗಿದಳು.

ಅವಳ ಅಬ್ಬಾ ಫಕ್ರುದ್ದೀನ ಇಂಡಿ ತಾಲೂಕಿನ ಒಂದು ಹಳ್ಳಿಯವರು. ಹದಿನೆಂಟರ ವಯಸ್ಸಿನಲ್ಲಿ ಮುಂಬಯಿಗೆ ಬಂದು ಬಂದರಿನಲ್ಲಿ ಮೂಟೆ ಹೊತ್ತು, ಆಮೇಲೆ ಅಲ್ಲಿಯ ಗೋದಾಮಿಗೆ ಕಾವಲುಗಾರರಾಗಿ ಕಾಯಂ ಆದರು. ಸಂಬಳದ ದಿನ ಮಸಿಯ ಡಬ್ಬಿಗೆ ಹೆಬ್ಬೆರಳು ಅದ್ದಿ ರಿಜಿಸ್ಟರಿಗೆ ಒತ್ತುವುದು ಅವರ ಪಾಲಿಗೆ ತಿಂಗಳಿಗೊಮ್ಮೆ ಬರುವ ಅವಮಾನ. ಆ ಮಸಿ ಎರಡು ದಿನ ಹೋಗುತ್ತಿರಲಿಲ್ಲ. ರೋಷನಬಿ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದುತ್ತಿದ್ದಾಗ ಒಂದು ಸಂಜೆ ಪಾಟಿಯನ್ನು ಅಬ್ಬಾನ ತೊಡೆಯ ಮೇಲಿಟ್ಟು ಅವರ ಹೆಸರು ಬರೆದುಕೊಟ್ಟಳು. ಅವರು ಅದರ ಮೇಲೆ ಬಳಪ ಓಡಿಸಿದರು. ಮೂರು ತಿಂಗಳು ಅದೇ ಕೆಲಸ. ನಾಲ್ಕನೇ ತಿಂಗಳು ಸಂಬಳದ ರಿಜಿಸ್ಟರಿನಲ್ಲಿ ಸಹಿ ಮಾಡಿ ಬಂದು, ಹೆಂಡತಿ ಬೀಬೀಜಾನಳಿಗೆ ಮಸಿಯಿಲ್ಲದ ಹೆಬ್ಬೆರಳು ತೋರಿಸಿದ್ದರು. ಮನೆಯಲ್ಲಿ ದಖನಿ ಉರ್ದುವನ್ನೂ ಕನ್ನಡವನ್ನೂ ಆಡುತ್ತಿದ್ದರು, ಆದರೆ ಅವರ ಸಹಿ ಮಾತ್ರ ಕನ್ನಡದ್ದು, ಮಗಳ ಕೈಯಿಂದ ಬಂದದ್ದು. ಹಾಗಾಗಿ ಅದನ್ನು ಬರೆಯಲು ಅವಳಿಗೆ ಕಷ್ಟವೇ ಇರಲಿಲ್ಲ.

ರೋಷನಬಿ ಇಪ್ಪತ್ತರಲ್ಲಿ ಸೊಲ್ಲಾಪುರಕ್ಕೆ ಮದುವೆಯಾಗಿ ಹೋದಳು. ಇಪ್ಪತ್ನಾಲ್ಕರಲ್ಲಿ ವಿಧವೆಯಾಗಿ ತಿರುಗಿ ಬಂದಳು. ಅಬ್ಬಾ ಒಂದು ಮಾತೂ ಕೇಳದೆ ಅವಳನ್ನು ಶಿಕ್ಷಕಿಯರ ಕೋರ್ಸಿಗೆ ಸೇರಿಸಿದರು. ತಾನು ಓದಿದ ಶಾಲೆಯಂಥದೇ ಇನ್ನೊಂದು ಮುನ್ಸಿಪಲ್ ಕನ್ನಡ ಶಾಲೆಯಲ್ಲಿ ಅವಳು ಟೀಚರ್ ಆದಳು. ಬೀಬೀಜಾನ ತೀರಿಕೊಂಡ ಮೇಲೆ ವಡಾಲದ ಚಾಳಿನ ಎರಡನೇ ಮಹಡಿಯ ಒಂದು ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳಿಗೆ ಈಗ ನಲವತ್ತೆರಡು.

ಎಂಟು ತಿಂಗಳ ಹಿಂದೆ ಮೊದಲ ಸಲ ಸ್ಟ್ರೋಕ್ ಆಗಿ ಅಬ್ಬಾನ ಬಲಗೈ ಬಲಗಾಲು ಸೋತವು. ಆದರೂ ಪ್ರತಿ ತಿಂಗಳು ಟ್ಯಾಕ್ಸಿಯಲ್ಲಿ ಬ್ಯಾಂಕಿಗೆ ಬಂದು ಸಹಿ ಹಾಕಿ ಪೆನ್ಶನ್ ತೆಗೆಯುತ್ತಿದ್ದರು. ಜುಲೈನಲ್ಲಿ ಇನ್ನೊಮ್ಮೆ ಬಡಿದ ಮೇಲೆ ಹಾಸಿಗೆಯೇ ಗತಿ. ಮಾತು ಅರ್ಧಂಬರ್ಧ. ಬುದ್ಧಿ ಮಾತ್ರ ಚೂಪಾಗೇ ಇತ್ತು. ಬೆಳಿಗ್ಗೆ ಆರಕ್ಕೆ ರೋಷನಬಿ ಶಾಲೆಗೆ ಹೊರಟರೆ ನೆರೆಯ ಶೀಲಾವತಿ ನೋಡಿಕೊಳ್ಳುತ್ತಿದ್ದಳು. ಆಕೆಯೂ ಅರವತ್ತು ದಾಟಿದವಳು, ಅವಳಿಂದ ಅಬ್ಬಾನನ್ನು ಹೊರಳಿಸಿ ಮಲಗಿಸುವುದು ಆಗುತ್ತಿರಲಿಲ್ಲ. ಆರೈಕೆಗೆ ಒಬ್ಬ ಹೆಂಗಸನ್ನು ಸಂಬಳಕ್ಕೆ ಇಡಬೇಕಿತ್ತು. ಅದಕ್ಕೆ ಪೆನ್ಶನ್ ಸಾಲುತ್ತಿರಲಿಲ್ಲ. ಯಾಕೆಂದರೆ ಪೆನ್ಶನ್ ಜಮಾ ಆದ ಮೂರನೇ ದಿನವೇ ಅದರಿಂದ ಮೂರು ಕಡೆಗೆ ಹಣ ಹೋಗುತ್ತಿತ್ತು.

ನಿವೃತ್ತರಾದ ವರ್ಷ ಅಬ್ಬಾ ಬ್ಯಾಂಕಿಗೆ ಬರೆದುಕೊಟ್ಟಿದ್ದರು. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎನ್ನುತ್ತಾರೆ. ಖಾತೆದಾರ ಒಮ್ಮೆ ಹೇಳಿದರೆ ಸಾಕು, ಅವನು ಬೇಡವೆನ್ನುವವರೆಗೆ ತಿಂಗಳು ತಿಂಗಳು ಬ್ಯಾಂಕೇ ಖಾತೆಯಿಂದ ತೆಗೆದು ಕಳಿಸುತ್ತಿರುತ್ತದೆ. ಒಂದು, ವಿಲೆ ಪಾರ್ಲೆಯ ಒಂದು ಕಂಪನಿಗೆ. ಅವರು ತಿಂಗಳಿಗೊಂದು ಆರೋಗ್ಯದ ಪತ್ರಿಕೆ, ಒಂದು ಬಾಟಲಿ ಟಾನಿಕ್ ಕಳಿಸುತ್ತಿದ್ದರು. ಎರಡು, ವಡಾಲದ ಕನ್ನಡ ವಾಚನಾಲಯದ ಚಂದಾ. ಮೂರನೆಯದೇ ದೊಡ್ಡದು. ಪನವೇಲಿನ ಆಚೆ ಪ್ಲಾಟು ಕೊಡುತ್ತೇವೆಂದು ಕಂತು ಕಟ್ಟಿಸಿಕೊಳ್ಳುವ 'ಹಸಿರುತೀರ' ಎಂಬ ಸಂಸ್ಥೆ, ಕಚೇರಿ ಗ್ರಾಂಟ್ ರೋಡಿನಲ್ಲಿ.

"ಈ ಮೂರೂ ನಿಲ್ಲಿಸಬೇಕ್ರಿ," ಎಂದಳು ರೋಷನಬಿ. "ಪಾರ್ಲಾಕ ಹೋದೆ, ಗ್ರಾಂಟ್ ರೋಡಿಗೆ ಹೋದೆ. ಮೆಂಬರ್ ಬರಬೇಕು ಅಂತಾರ. ನಾ ಮಗಳು ಅಂದ್ರ, ಏನ್ ಪುರಾವಾ ಅಂತಾರ. ಮೂರು ವಾರ ಆತು ತಿರಗಲಿಕ್ಕ ಹತ್ತಿ. ನಿನ್ನೆ ಮನಿಗೆ ಬಂದು ಕೂತು ಅಬ್ಬಾನ ಹೆಸರಿಲೆ ಬರದೆ, ಸಹಿನೂ ಮಾಡಿಬಿಟ್ಟೆ. ಮತ್ತೇನ್ ತಿಳೀಲಿಲ್ಲ."

ಜಯಸಿಂಹ ಒಂದು ಬಿಳಿಯ ಹಾಳೆ ತೆಗೆದುಕೊಂಡರು. "ನೋಡಿ, ಮಗಳು ಅನ್ನೋದು ಬ್ಯಾಂಕಿಗೆ ಸಾಲಲ್ಲ. ಖಾತೆ ಅವರದು, ಮಾತೂ ಅವರದೇ ಬೇಕು. ಅವರು ನಿಮಗೆ ಅಧಿಕಾರ ಕೊಟ್ಟ ಪತ್ರ ಬೇಕು. ಇಂಥಿಂಥದ್ದನ್ನ ರದ್ದು ಮಾಡೋಕೆ ಮಾತ್ರ, ಹಣ ತೆಗೆಯೋಕಲ್ಲ, ಅಂತ ಸ್ಪಷ್ಟವಾಗಿ ಬರೀಬೇಕು. ಅದರಲ್ಲಿ ನಿಮ್ಮ ಮಾದರಿ ಸಹಿ ಇರಬೇಕು. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ್ರೆ, ಅದನ್ನ ಕನ್ನಡದಲ್ಲಿ ಓದಿ ಹೇಳಿದಾರೆ, ಅವರಿಗೆ ಅರ್ಥ ಆಗಿದೆ ಅಂತ ಕೆಳಗೆ ಒಂದು ಸಾಲು."

"ಸಹಿ ಆಗಂಗಿಲ್ಲಲ್ರಿ."

"ಹೆಬ್ಬೆಟ್ಟು ಒತ್ತಲಿ. ಇಬ್ಬರು ಸಾಕ್ಷಿ ಬೇಕು. ಒಬ್ಬ ಬ್ಯಾಂಕಿನ ಅಧಿಕಾರಿ, ನಾನೇ ಬರ್ತೀನಿ. ಇನ್ನೊಬ್ಬರು ನಿಮ್ಮ ಮನೆಯವರಲ್ಲದ, ನಮಗೆ ಪರಿಚಯ ಇರೋರು."

"ಶೀಲಾವತಿಬಾಯಿ ಖಾತೆ ಇಲ್ಲೇ ಅದ."

"ಆಯ್ತು. ನಾಲ್ಕು ಪ್ರತಿ ಟೈಪ್ ಮಾಡಿಸಿ. ಬ್ಯಾಂಕಿಗೊಂದು, ಮೂರು ಕಡೆಗೂ ಒಂದೊಂದು. ಜೆರಾಕ್ಸ್ ತಗೊಂಡು ಹೋದ್ರೆ ಮೂಲಪತ್ರ ಎಲ್ಲಿ ಅಂತ ವಾಪಸ್ ಕಳಿಸ್ತಾರೆ. ಬ್ಯಾಂಕಲ್ಲಿ ರದ್ದು ಮಾಡಿದ್ರೆ ಹಣ ಹೋಗೋದು ನಿಲ್ಲುತ್ತೆ, ಆದರೆ ಸದಸ್ಯತ್ವ ಅವರ ಪುಸ್ತಕದಲ್ಲಿ ಹಾಗೇ ಇರುತ್ತೆ. ಬಾಕಿ ಅಂತ ಕಾಗದ ಬರ್ತಾನೇ ಇರುತ್ತೆ. ಅದಕ್ಕೇ ಅಲ್ಲೂ ಕೊಡಬೇಕು. ಶನಿವಾರ ಬ್ಯಾಂಕು ಹನ್ನೆರಡಕ್ಕೆ ಮುಗಿಯುತ್ತೆ, ಆಮೇಲೆ ಬರ್ತೀನಿ. ಪೆನ್ಶನ್ ತೆಗೆಯೋ ಚೀಟಿಗೂ ಇನ್ಮೇಲೆ ತಿಂಗಳಿಗೊಮ್ಮೆ ಹೀಗೇ ಮನೆಗೆ ಬಂದು ಗುರುತು ತಗೋತೀವಿ."

ಹೆಬ್ಬೆಟ್ಟು ಎಂಬ ಮಾತು ಕೇಳಿದಾಗಲೇ ರೋಷನಬಿಗೆ ಅಬ್ಬಾ ತೋರಿಸಿದ್ದ ಮಸಿಯಿಲ್ಲದ ಹೆಬ್ಬೆರಳು ನೆನಪಾಗಿತ್ತು. ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಶನಿವಾರ ಜೋರು ಮಳೆ. ಜಯಸಿಂಹ ಪ್ಯಾಂಟಿನ ಕೆಳತುದಿ ಒದ್ದೆ ಮಾಡಿಕೊಂಡು, ಎದೆಗೆ ಒಂದು ಚೀಲ ಒತ್ತಿಕೊಂಡು ಬಂದರು. ಶೀಲಾವತಿ ಚಹಾ ಮಾಡಿಟ್ಟಿದ್ದಳು. ಅವಳು ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತಳಾದವಳು, ಮಂಗಳೂರಿನ ಕಡೆಯವಳು. ಅಬ್ಬಾನನ್ನು ಗೋಡೆಗೆ ಒರಗಿಸಿ, ಹಿಂದೆ ಎರಡು ದಿಂಬು ಕೊಟ್ಟು, ಗಡ್ಡಕ್ಕೆ ಬಾಚಣಿಗೆ ಆಡಿಸಿ ಕೂರಿಸಿದ್ದಳು.

ಜಯಸಿಂಹ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, "ನಮಸ್ಕಾರ ಸಾಹೇಬ್ರೇ. ನಾನು ಬ್ಯಾಂಕಿನವನು. ಗುರುತು ಸಿಕ್ಕಿತಾ?" ಎಂದರು. ಅಬ್ಬಾ ಕಣ್ಣು ಮುಚ್ಚಿ ತೆರೆದರು. ಆಮೇಲೆ ಜಯಸಿಂಹ ರೋಷನಬಿಯ ಕಡೆ ತಿರುಗಿ, "ಮೇಡಂ, ತಾವು ಸ್ವಲ್ಪ ಹೊತ್ತು ಹೊರಗೆ ಇರಿ," ಎಂದರು.

"ನಾನಾ?"

"ಪತ್ರ ಆಗೋದು ನಿಮ್ಮ ಹೆಸರಿಗೆ. ನೀವು ಎದುರಿಗಿದ್ರೆ ಅವರು ಮನಸ್ಸಿನಿಂದ ಹೇಳಿದ್ರಾ, ನಿಮಗಾಗಿ ಹೇಳಿದ್ರಾ ಅಂತ ನನಗೆ ಗೊತ್ತಾಗಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಉತ್ತರ ಹೇಳಬೇಕು."

ಅವಳು ಕೋಣೆಯ ಮುಂದಿನ ಗ್ಯಾಲರಿಗೆ ಬಂದಳು. ಬಾಗಿಲು ಮುಚ್ಚಿತು. ಕಟಕಟೆಯ ಮೇಲೆ ಒಣಗಲು ಹಾಕಿದ್ದ ಬಟ್ಟೆಗಳಿಗೆ ಇರಚಲು ಹೊಡೆಯುತ್ತಿತ್ತು. ಎಂಟು ತಿಂಗಳಿಂದ ತಾನು ತೊಳೆದ ಬಟ್ಟೆ, ಹಿಡಿದ ತಟ್ಟೆ, ರಾತ್ರಿ ಮೂರು ಸಲ ಎದ್ದದ್ದು ಎಲ್ಲ ನೆನಪಾಯಿತು. ಈಗ ಅವಳೇ ಸಂಶಯಕ್ಕೆ ಒಳಗಾದವಳಂತೆ ಹೊರಗೆ ನಿಂತಿದ್ದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಮನುಷ್ಯ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಲ್ಕು ದಿನದ ಹಿಂದೆ ಅಬ್ಬಾನ ಸಹಿ ಮಾಡಿದವಳು ತಾನೇ ಅಲ್ಲವೇ? ಗೋಡೆಗೆ ಒರಗಿ ನಿಂತಲ್ಲೇ ಅವಳ ಕಣ್ಣು ಮುಚ್ಚಿಕೊಂಡವು.

ಕಾಲು ತಾಸಿನ ನಂತರ ಶೀಲಾವತಿ ಬಾಗಿಲು ತೆಗೆದಳು. "ಬನ್ನಿ ಮಾರಾಯ್ರೆ. ನಿಮ್ಮ ಅಬ್ಬಾ ಒಂದಕ್ಕೆ ಒಪ್ಪುವುದಿಲ್ಲ."

ಜಯಸಿಂಹ ರೋಷನಬಿ ಟೈಪ್ ಮಾಡಿಸಿದ್ದ ಇಂಗ್ಲಿಷ್ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ಟಾನಿಕ್ ಬೇಡ ಅಂದ್ರು. ವಾಚನಾಲಯ ಬೇಡ ಅಂದ್ರು. ಪ್ಲಾಟಿನ ಕಂತು ಮಾತ್ರ ನಿಲ್ಲಿಸಬಾರದಂತೆ. ಹಾಗಾದ್ರೆ ಅದನ್ನ ಬಿಟ್ಟು ಉಳಿದ ಎರಡಕ್ಕೆ ಮಾತ್ರ ಪತ್ರ ಮಾಡೋಣ. ಅವರು ಒಪ್ಪದೇ ಇರೋದನ್ನ ನಾನು ಸೇರಿಸೋ ಹಾಗಿಲ್ಲ."

ಉಳಿದ ಎರಡನ್ನು ನಿಲ್ಲಿಸಿದರೆ ಹೆಂಗಸಿನ ಸಂಬಳದ ಕಾಲುಭಾಗವೂ ಹುಟ್ಟುತ್ತಿರಲಿಲ್ಲ. ರೋಷನಬಿ ಹಾಸಿಗೆಯ ಅಂಚಿನಲ್ಲಿ ಕೂತಳು.

"ಯಾಕ ಅಬ್ಬಾ?"

ಅಬ್ಬಾನ ತುಟಿಯ ಎಡಭಾಗ ಅಲುಗಿತು. ಒಂದೊಂದೇ ಮಾತು ಹೊರಬಂತು. "ಜಾಗಾ... ನಿಂದು. ನಾ ಹೋದ ಮ್ಯಾಲ... ಈ ಖೋಲಿ... ಬಾಡಿಗೀದು."

ಹೊರಗಿನವರಿಬ್ಬರು ಕೂತಿದ್ದಾರೆಂಬುದೂ ಅವಳಿಗೆ ಮುಖ್ಯವೆನಿಸಲಿಲ್ಲ.

"ಅಬ್ಬಾ, ನಾ ಆ ಜಾಗಾ ನೋಡೀನಿ," ಎಂದಳು. "ಎರಡು ವರ್ಷದ ಹಿಂದ. ದೀಪಾವಳಿ ಸೂಟ್ಯಾಗ ಶಾಲಿ ಮೀಟಿಂಗ್ ಅಂತ ಹೇಳಿ ಹೋಗಿದ್ದೆ. ಪನವೇಲಿಂದ ರಿಕ್ಷಾ ಮಾಡಕೊಂಡು ಹೋದೆ. ಅಲ್ಲಿ ಜಾಗಾ ಇಲ್ಲ ಅಬ್ಬಾ, ಕೆಸರು ಅದ. ಭರತಿ ಬಂದ್ರ ಸಮುದ್ರದ ನೀರು ಒಳಗ ಬರ್ತದ. ನಡುವ ಒಂದು ಬೋರ್ಡ್ ನಿಂತದ, ಅಷ್ಟ. ಅಲ್ಲಿ ಮೀನ ಹಿಡಿಯೋರು ನನ್ನ ನೋಡಿ, ಬಾಯಿ, ನೀವೂ ಪ್ಲಾಟಿನವರೇನು ಅಂತ ನಕ್ಕರು."

ಅಬ್ಬಾ ಅವಳನ್ನೇ ನೋಡಿದರು. "ಮೊದಲ... ಯಾಕ ಹೇಳ್ಲಿಲ್ಲ?"

"ತಿಂಗಳು ತಿಂಗಳು ಪಾಸ್‌ಬುಕ್ ತಗದು ನೋಡತಿದ್ರಿ. ಆಕಿಂದು ಒಂದು ಮನಿ ಆತು ಅಂತ ಶೀಲಾವತಿಬಾಯಿ ಮುಂದ ಹೇಳತಿದ್ರಿ. ನನಗ ಬಾಯಿ ಬರ್ಲಿಲ್ಲ. ಹೇಳಬೇಕಾಗಿತ್ತು. ಹೇಳಿದ್ರ ಎರಡು ವರ್ಷದ ಕಂತಾದ್ರೂ ಉಳೀತಿತ್ತು."

ಅಬ್ಬಾ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದರು. ಜಯಸಿಂಹ ಆರಿದ ಚಹಾ ಕುಡಿದು ಮುಗಿಸಿದರು. ಅವರು ಎದ್ದು ಹೋಗುತ್ತಾರೆಂದೇ ರೋಷನಬಿ ಅಂದುಕೊಂಡಳು. ಹೋದರೆ ಹೋಗಲಿ, ಮಲಗಿಬಿಡುತ್ತೇನೆ ಎಂದೂ ಅನಿಸಿತು.

ಬಹಳ ಹೊತ್ತಿನ ಮೇಲೆ ಅಬ್ಬಾ ಗೋಡೆಗೇ ಹೇಳಿದರು: "ಎಲ್ಲಾ... ತಗೀರಿ."

"ಸಾಹೇಬ್ರೇ, ನನ್ನ ಕಡೆ ನೋಡಿ ಹೇಳಿ," ಎಂದರು ಜಯಸಿಂಹ. "ಪ್ಲಾಟಿನ ಕಂತೂ ನಿಲ್ಲಿಸಬೇಕಾ? ಇಲ್ಲ ಅನ್ನೋ ಹಕ್ಕು ನಿಮಗಿದೆ."

ಅಬ್ಬಾ ಹೊರಳಿ ನೋಡಿದರು. "ನಿಲ್ಲಸ್ರಿ."

ಜಯಸಿಂಹ ಪತ್ರವನ್ನು ಮತ್ತೆ ಮೊದಲಿನಿಂದ, ಸಾಲು ಸಾಲಾಗಿ, ಕನ್ನಡದಲ್ಲಿ ಹೇಳಿದರು. 'ಫಕ್ರುದ್ದೀನನಾದ ನಾನು, ಅನಾರೋಗ್ಯದಿಂದ ಸ್ವತಃ ಬರಲಾರದ ಕಾರಣ, ನನ್ನ ಮಗಳು ರೋಷನಬಿಗೆ ಕೆಳಗಿನ ಮೂರು ಪಾವತಿಗಳನ್ನೂ ಅವುಗಳ ಸದಸ್ಯತ್ವವನ್ನೂ ನನ್ನ ಪರವಾಗಿ ರದ್ದುಗೊಳಿಸಲು, ರಸೀದಿ ಪಡೆಯಲು ಅಧಿಕಾರ ಕೊಟ್ಟಿದ್ದೇನೆ. ನನ್ನ ಖಾತೆಯಿಂದ ಹಣ ತೆಗೆಯುವ ಅಧಿಕಾರ ಇದರಲ್ಲಿ ಇಲ್ಲ. ನಾನು ಬರೆದು ಹಿಂತೆಗೆದುಕೊಳ್ಳುವವರೆಗೆ ಇದು ಜಾರಿಯಲ್ಲಿರುತ್ತದೆ.' ಪ್ರತಿ ಸಾಲಿಗೂ ನಿಂತು, ಅಬ್ಬಾ ತಲೆಯಾಡಿಸಿದ ಮೇಲೇ ಮುಂದಕ್ಕೆ ಹೋದರು. ಮುಗಿದ ಮೇಲೆ ಚೀಲದಿಂದ ಮಸಿಯ ಪ್ಯಾಡು ತೆಗೆದು ಮುಚ್ಚಳ ಬಿಚ್ಚಿದರು.

ಅಬ್ಬಾ ಎಡಗೈಯನ್ನು ಚಾದರದ ಒಳಗೆ ಎಳೆದುಕೊಂಡರು.

"ಬ್ಯಾಡ," ಎಂದರು. ಅಷ್ಟೂ ಹೊತ್ತಿನ ಮಾತುಗಳಲ್ಲಿ ಸ್ಪಷ್ಟವಾಗಿ ಬಂದದ್ದು ಅದೊಂದೇ. "ಅಂಗೂಠಾ... ಬ್ಯಾಡ."

"ಅಬ್ಬಾ, ಕೈ ಆಗಂಗಿಲ್ಲಲ್ಲ."

"ನಾ... ಬರೀತೀನಿ."

ಜಯಸಿಂಹ ಮಸಿಯ ಪ್ಯಾಡನ್ನೂ ಮುದುಕನ ಮುಖವನ್ನೂ ನೋಡಿದರು. ಪ್ಯಾಡಿನ ಮುಚ್ಚಳ ಹಾಕಿ ಪೆನ್ನು ಕೊಟ್ಟರು. ಶೀಲಾವತಿ ಪತ್ರದ ಕೆಳಗೆ ಒಂದು ರಟ್ಟು ಹಿಡಿದಳು. ಅಬ್ಬಾ ಎಡಗೈಯಲ್ಲಿ ಪೆನ್ನನ್ನು ಮುಷ್ಟಿ ಮಾಡಿ ಹಿಡಿದು 'ಫ' ಬರೆದರು. ಅದಕ್ಕೇ ಎರಡು ನಿಮಿಷ ಹಿಡಿಯಿತು. ಮುಂದಿನ ಅಕ್ಷರಕ್ಕೆ ಪೆನ್ನು ಇಟ್ಟರು, ಅದು ಕಾಗದದ ಮೇಲೆ ಜಾರಿತು. ರೋಷನಬಿಯ ಕೈ ತಾನಾಗಿ ಮುಂದಕ್ಕೆ ಹೋಯಿತು.

"ಮೇಡಂ, ಮುಟ್ಟಬೇಡಿ," ಎಂದರು ಜಯಸಿಂಹ. ಆಮೇಲೆ ಮೆಲ್ಲಗೆ, "ಸಾಕು ಸಾಹೇಬ್ರೇ. ಸಹಿ ಮಾಡಲಾಗದವರು ಒಂದು ಗುರುತು ಹಾಕಿದ್ರೂ ನಡೆಯುತ್ತೆ. ಅದು ಅವರದೇ ಅಂತ ಸಾಕ್ಷಿಗಳು ಹೇಳಬೇಕು, ಅಷ್ಟೆ. ನಾವಿಬ್ಬರೂ ಕಣ್ಣಾರೆ ನೋಡಿದ್ದೀವಿ. ನಿಮ್ಮ ಗುರುತು 'ಫ'," ಎಂದರು.

ಇನ್ನೂ ಮೂರು ಪ್ರತಿಗಳಿದ್ದವು. ಪ್ರತಿಯೊಂದರ ನಡುವೆ ಅಬ್ಬಾ ಉಸಿರು ತೆಗೆದುಕೊಂಡರು. ನಾಲ್ಕನೆಯ 'ಫ' ಯಾವ ಅಕ್ಷರದಂತೆಯೂ ಇರಲಿಲ್ಲ. ಜಯಸಿಂಹ ಪ್ರತಿಯೊಂದರ ಪಕ್ಕದಲ್ಲಿ 'ನನ್ನ ಸಮಕ್ಷಮ ಹಾಕಿದ ಗುರುತು' ಎಂದು ಬರೆದು ಸಹಿ ಮಾಡಿ ಮೊಹರು ಒತ್ತಿದರು. ಶೀಲಾವತಿ ತನ್ನ ಹೆಸರು, ಖೋಲಿ ನಂಬರು ಬರೆದಳು. ಕೊನೆಗೆ ರೋಷನಬಿ ತನ್ನ ಮಾದರಿ ಸಹಿ ಹಾಕಿದಳು. ಮುಗಿಯುವಾಗ ಅಬ್ಬಾ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಬಾಗಿಲ ಬಳಿ ಅವಳು ಕೇಳಿದಳು, "ಸರ್, ವಾಚನಾಲಯದ್ದು ಬಿಡಲಿಕ್ಕ ಬರ್ತದೇನ್ರಿ? ಆರು ವರ್ಷ ದಿನಾ ಸಂಜಿಗೆ ಹೋಗಿ ಮಂದಿ ಓದೋದು ಕೇಳಕೋತ ಪೇಪರ್ ನೋಡತಿದ್ರು. ಎಲ್ಲಾನೂ ಒಮ್ಮೆಲೆ ಕಸಗೊಂಡಂಗ ಆಗ್ತದ."

"ಪತ್ರ ನಿಮಗೆ ಅಧಿಕಾರ ಕೊಡುತ್ತೆ, ಬಳಸಲೇಬೇಕು ಅಂತ ಹೇಳಲ್ಲ. ಯಾವುದನ್ನ ರದ್ದು ಮಾಡಬೇಕೋ ಅದಕ್ಕೆ ಮಾತ್ರ ನೀವು ಅರ್ಜಿ ಬರೆದುಕೊಡಿ, ಈ ಪತ್ರ ಲಗತ್ತಿಸಿ. ಉಳಿದ ಪ್ರತಿ ಮನೇಲಿರಲಿ," ಎಂದು ಹೇಳಿ ಜಯಸಿಂಹ ಕೊಡೆ ಬಿಚ್ಚಿದರು.

ಸೋಮವಾರ ಬ್ಯಾಂಕಿನಲ್ಲಿ ಎರಡು ಅರ್ಜಿ ಕೊಟ್ಟು ಮೊಹರು ಹಾಕಿದ ನಕಲು ಪಡೆದಳು. ಆ ತಿಂಗಳ ಹಣ ಅಷ್ಟರಲ್ಲಿ ಹೋಗಿಯಾಗಿತ್ತು. ಅದನ್ನು ಹಿಂದಕ್ಕೆ ತರಲಾಗುವುದಿಲ್ಲ, ಮುಂದಿನ ತಿಂಗಳಿಂದ ನಿಲ್ಲುತ್ತದೆ ಎಂದರು.

ಮಂಗಳವಾರ ದಾದರಿನವರೆಗೆ ಬಸ್ಸು, ಅಲ್ಲಿಂದ ಲೋಕಲ್ ಹಿಡಿದು ಗ್ರಾಂಟ್ ರೋಡ್. ಒಂದು ಲಾಡ್ಜಿನ ಮೇಲಿನ ಮಹಡಿಯಲ್ಲಿ 'ಹಸಿರುತೀರ'ದ ಕಚೇರಿ. ಮೇಜಿನ ಹಿಂದಿನವನು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ. "ಯೆ ಕ್ಯಾ ಸಹಿ ಹೈ?" ಎಂದು ಕೇಳಿದ.

"ಬ್ಯಾಂಕ್ ಮೇ ಚಲಾ ಹೈ," ಎಂದಳು ರೋಷನಬಿ. "ಆಫೀಸರ್ ಕಾ ಮೊಹರ್ ದೇಖೋ."

ಅವನು ಒಳಗೆ ಹೋಗಿ ಮುಕ್ಕಾಲು ಗಂಟೆ ಬರಲಿಲ್ಲ. ಕೆಳಗಿನ ಉಡುಪಿ ಹೋಟೆಲಿನ ಸಾಂಬಾರಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. ಅವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬಂದವನು, ನಿಯಮದ ಪ್ರಕಾರ ಕಟ್ಟಿದ ಕಂತು ವಾಪಸಿಲ್ಲ, ಸದಸ್ಯತ್ವ ಮಾತ್ರ ರದ್ದು ಎಂದ. ಅವಳು ವಾದ ಮಾಡಲಿಲ್ಲ. ಹೋದದ್ದನ್ನು ಕೇಳಲು ವಕೀಲರ ಬಳಿ ಹೋಗಬೇಕು, ಅದಕ್ಕೆ ಬೇರೆಯೇ ಕಾಗದ ಬೇಕು, ಆ ಪ್ಲಾಟಿಗಾಗಿ ಅಬ್ಬಾನಿಂದ ಇನ್ನೊಮ್ಮೆ 'ಫ' ಬರೆಸಬೇಕು. ಅದು ಅವಳಿಂದ ಆಗುತ್ತಿರಲಿಲ್ಲ. "ರದ್ದು ಮಾಡಿದ್ದು ಬರೆದು ಕೊಡಿ, ಇನ್ನು ಬಾಕಿ ಇಲ್ಲ ಅಂತಲೂ ಬರೆಯಿರಿ," ಎಂದು ಹಿಂದಿಯಲ್ಲಿ ಹೇಳಿ, ಅವನು ಬರೆಯುವವರೆಗೆ ಎದ್ದು ಹೋಗದೆ ಕೂತಳು.

ಬುಧವಾರ ವಿಲೆ ಪಾರ್ಲೆ. ಅಲ್ಲಿ ಐದು ನಿಮಿಷದ ಕೆಲಸ. ಕೌಂಟರಿನ ಹುಡುಗಿ ಪತ್ರ ತೆಗೆದುಕೊಂಡು ಸದಸ್ಯತ್ವದ ಕಾರ್ಡಿನ ಮೇಲೆ ಗೀಟು ಎಳೆದು, "ಬಾಬಾ ಕೈಸೆ ಹೈಂ ಅಬ್?" ಎಂದು ಕೇಳಿದಳು. ಅಷ್ಟು ವಾರಗಳಲ್ಲಿ ಯಾವ ಕಚೇರಿಯಲ್ಲೂ ಅಬ್ಬಾ ಹೇಗಿದ್ದಾರೆಂದು ಯಾರೂ ಕೇಳಿರಲಿಲ್ಲ. ರೋಷನಬಿ ರಸೀದಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಠೀಕ್ ಹೈಂ," ಎಂದು ಹೊರಬಂದಳು.

ಅಕ್ಟೋಬರಿನಲ್ಲಿ ಪಾಸ್‌ಬುಕ್ಕಿನಲ್ಲಿ ಮೂರರ ಬದಲು ವಾಚನಾಲಯದ ಸಣ್ಣ ಸಾಲೊಂದೇ ಇತ್ತು. ದಿನವೂ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಬ್ಬ ಹೆಂಗಸು ಬರತೊಡಗಿದಳು, ಗಟ್ಟಿ ತೋಳಿನವಳು. ಅಬ್ಬಾನನ್ನು ಒಬ್ಬಳೇ ಎತ್ತಿ ಕೂರಿಸುತ್ತಿದ್ದಳು. ಪ್ಲಾಟಿನ ಮಾತನ್ನು ಅಬ್ಬಾ ಮತ್ತೆ ಎತ್ತಲಿಲ್ಲ. ರೋಷನಬಿಯೂ ಎತ್ತಲಿಲ್ಲ. ಆದರೆ ಕೆಲವು ದಿನ ಅವರು ಅವಳ ಮುಖ ನೋಡದೆ ಊಟ ಮಾಡಿದರು. ಅದು ಸಿಟ್ಟೋ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ, ತಿಳಿಯಲು ಹೋಗಲೂ ಇಲ್ಲ.

ಒಂದು ರವಿವಾರ ಮಧ್ಯಾಹ್ನ ಆ ಹೆಂಗಸು ಇದ್ದಾಗಲೇ ರೋಷನಬಿ ನೆಲದ ಮೇಲೆ ಚಾಪೆ ಹಾಸಿ ಉರುಳಿದಳು. ಎಚ್ಚರವಾದಾಗ ಐದು ದಾಟಿತ್ತು, ಹೆಂಗಸು ಹೋಗಿದ್ದಳು. ಗಾಬರಿಯಿಂದ ಎದ್ದು ನೋಡಿದರೆ ಅಬ್ಬಾ ಒರಗಿ ಕೂತೇ ಇದ್ದರು, ಅವಳನ್ನು ನೋಡುತ್ತ.

"ಎಬ್ಬಸಬಾರದೇನ್ ಅಬ್ಬಾ?"

"ಮಲ್ಕೋ," ಎಂದರು ಅವರು. "ಇನ್ನೂ... ಟೈಮ್ ಅದ."

ಅವಳು ಮತ್ತೆ ಮಲಗಿದಳು.